ಆ 20 ಸಾವಿರದ ಸಾಲು ಹೊಡೆದುಹಾಕು

ಪ್ರಶ್ನೆ: ಶಿಡ್ಲಘಟ್ಟದ ಹತ್ತಿರ ನಮ್ಮ ಹಳ್ಳಿ. ನನಗೆ 19 ವರ್ಷ. ಚಿಕ್ಕಬಳ್ಳಾಪುರದಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಮನೆಯಲ್ಲಿ ವರ್ಷಕ್ಕೆ ಐದು ಬೆಳೆ ರೇಷ್ಮೆ ಹುಳ ಸಾಕುತ್ತೇವೆ. ಹುಳ ಸಾಕೋದರ ಬಗ್ಗೆ ಯೂಟ್ಯೂಬ್ ಚಾನೆಲ್ ಮಾಡಿದ್ದೇನೆ. ಮೂರು ಶಾರ್ಟ್ಸ್, ಮೂರು ದೊಡ್ಡ ವಿಡಿಯೋ ಹಾಕಿದ್ದೇನೆ. ಒಂದು ಶಾರ್ಟ್ಸ್ 40 ಸಾವಿರ ಜನ ನೋಡಿದರು. ದೊಡ್ಡವು 300 ದಾಟಿಲ್ಲ. ಅಪ್ಪ ಓದು ಹಾಳಾಗುತ್ತೆ ಅಂತಾರೆ. ಅಮ್ಮ ಹುಳಮನೆ ತೋರಿಸಿದರೆ ದೃಷ್ಟಿಯಾಗುತ್ತೆ, ಹೆಣ್ಣುಮಗಳ ಮುಖ ಊರೆಲ್ಲ ನೋಡೋದು ಬೇಡ ಅಂತಾರೆ. ಬಾಯಲ್ಲಿ ಹೇಳಿದರೆ ಜಗಳ ಆಗುತ್ತೆ ಅಂತ ಪತ್ರ ಬರೆದಿದ್ದೇನೆ. ಓದಿನ ಜೊತೆಗೆ ಒಂದು ವರ್ಷ ಬಿಡಿ, ವರ್ಷ ಮುಗಿಯುವಷ್ಟರಲ್ಲಿ ತಿಂಗಳಿಗೆ 20 ಸಾವಿರ ದುಡಿಯುತ್ತೇನೆ ಅಂತ ಬರೆದಿದ್ದೇನೆ. ಕೊಡಲಾ?

ಉತ್ತರ: ಪತ್ರ ಕೊಡು ಮಗಳೇ. ಆದರೆ ಇವತ್ತೇ ಬೇಡ. ಮೊದಲು ಆ 20 ಸಾವಿರದ ಸಾಲು ಹೊಡೆದುಹಾಕು. ಆ ಸಾಲಿನ ಬಗ್ಗೆ ನನಗೆ ನಿಜವಾಗಲೂ ಭಯ ಇದೆ. ಯಾಕೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಜಾಹೀರಾತಿನ ದುಡ್ಡು ಬರಬೇಕಾದರೆ ಚಾನೆಲ್‌ಗೆ 1,000 ಸಬ್‌ಸ್ಕ್ರೈಬರ್ ಇರಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ ನಿನ್ನ ವಿಡಿಯೋಗಳನ್ನು ಒಟ್ಟು 4,000 ಗಂಟೆ ನೋಡಿರಬೇಕು. ಶಾರ್ಟ್ಸ್ ಫೀಡಿನಲ್ಲಿ ನೋಡಿದ ಹೊತ್ತು ಈ 4,000 ಗಂಟೆಗೆ ಸೇರುವುದಿಲ್ಲ. ಬರೀ ಶಾರ್ಟ್ಸ್ ದಾರಿ ಹಿಡಿದರೆ 90 ದಿನದಲ್ಲಿ ಒಂದು ಕೋಟಿ ವ್ಯೂ ಬೇಕು. ಹಾಗಾಗಿ ನಿನ್ನ 40 ಸಾವಿರ ಖುಷಿಯ ವಿಷಯವೇ, ಆದರೆ ಅದನ್ನು ನಂಬಿಕೊಂಡು ಅಪ್ಪನಿಗೆ ಮಾತು ಕೊಡುವ ಹಾಗಿಲ್ಲ.

4,000 ಗಂಟೆ ಅಂದರೆ 2,40,000 ನಿಮಿಷ. ನೀನು ಏಳು ನಿಮಿಷದ ವಿಡಿಯೋ ಮಾಡುತ್ತೀಯ, ಒಬ್ಬೊಬ್ಬರು ಸರಾಸರಿ ಮೂರು ನಿಮಿಷ ನೋಡುತ್ತಾರೆ ಅಂತ ಇಟ್ಟುಕೋ. ಆಗ 80,000 ವ್ಯೂ ಬೇಕು. ತಿಂಗಳಿಗೆ ಎರಡರಂತೆ ವರ್ಷಕ್ಕೆ 24 ವಿಡಿಯೋ ಹಾಕಿದರೆ ಒಂದೊಂದಕ್ಕೂ ಹೆಚ್ಚುಕಡಿಮೆ 3,300 ಜನ. ಈಗ ನಿನಗೆ ಬರುತ್ತಿರುವುದು 300. ಹತ್ತು ಪಟ್ಟಿಗಿಂತ ಜಾಸ್ತಿ ದೂರ ಇದೆ. ಆಗದ ಕೆಲಸ ಅಂತ ನಾನು ಹೇಳುತ್ತಿಲ್ಲ. ಹುಳಕ್ಕೆ ರೋಗ ಬಂದವರು ರಾತ್ರಿ ಹನ್ನೊಂದು ಗಂಟೆಗೂ ಫೋನಿನಲ್ಲಿ ಹುಡುಕುತ್ತಾರೆ, ಹಾಕಿ ಆರು ತಿಂಗಳಾದ ವಿಡಿಯೋ ಕೂಡ ಅವರ ಕಣ್ಣಿಗೆ ಬೀಳಬಹುದು. ಆದರೆ ಗಡಿ ದಾಟಿದ ಮೇಲೂ ಯೂಟ್ಯೂಬ್‌ನವರು ಚಾನೆಲ್ ಪರಿಶೀಲಿಸಬೇಕು. ಆಮೇಲೆ ಆ್ಯಡ್‌ಸೆನ್ಸ್ ಖಾತೆ. ಅದರಲ್ಲಿ 10 ಡಾಲರ್ ಸೇರಿದ ಮೇಲೆ ವಿಳಾಸ ಖಾತ್ರಿಗೆ ಅಂಚೆಯಲ್ಲಿ ಪಿನ್ ಬರುತ್ತೆ, 100 ಡಾಲರ್ ತುಂಬಿದರೆ ಮಾತ್ರ ಬ್ಯಾಂಕಿಗೆ ದುಡ್ಡು. ಎಲ್ಲ ಚೆನ್ನಾಗಿಯೇ ನಡೆದರೂ ಮೊದಲ ವರ್ಷ ಕೈಗೆ ಏನೂ ಬಾರದೆ ಇರಬಹುದು.

ಈಗ ಹನ್ನೆರಡನೇ ತಿಂಗಳನ್ನು ಯೋಚಿಸು. ನಿನಗೆ 2,500 ಗಂಟೆ ಆಗಿದೆ, ಚಾನೆಲ್ ಬೆಳೆಯುತ್ತಿದೆ. ಅಪ್ಪ ಮಾತ್ರ 20 ಸಾವಿರ ಎಲ್ಲಿ ಅಂತ ಕೇಳುತ್ತಾರೆ. ಅವರ ಲೆಕ್ಕದಲ್ಲಿ ನೀನು ಸೋತಿದ್ದೀಯ, ಮಾತಿಗೂ ತಪ್ಪಿದ್ದೀಯ. ಎಷ್ಟು ಜನ ನೋಡುತ್ತಾರೆ ಅನ್ನೋದು ನಿನ್ನ ಕೈಯಲ್ಲಿಲ್ಲ. ನೀನು ಎಷ್ಟು ಗಂಟೆ ಕೂರುತ್ತೀಯ, ಎಷ್ಟು ಖರ್ಚು ಮಾಡುತ್ತೀಯ, ಯಾವಾಗ ನಿಲ್ಲಿಸುತ್ತೀಯ, ಇವು ನಿನ್ನ ಕೈಯಲ್ಲಿವೆ. ಪತ್ರದಲ್ಲಿ ಇವಕ್ಕೆ ಮಾತ್ರ ಮಾತು ಕೊಡು.

ಗಂಟೆಯ ಲೆಕ್ಕಕ್ಕೆ ಬರೋಣ. ಅಪ್ಪನ ಭಯ ಇರುವುದು ಇಲ್ಲೇ. ಏಳು ನಿಮಿಷದ ಒಂದು ವಿಡಿಯೋಗೆ ಶೂಟಿಂಗ್, ಮಾತು ರೆಕಾರ್ಡ್ ಮಾಡೋದು, ಫೋನಿನಲ್ಲೇ ಎಡಿಟಿಂಗ್, ಥಂಬ್‌ನೇಲ್ ಎಲ್ಲ ಸೇರಿ ಹನ್ನೆರಡು ಗಂಟೆ ಅಂತ ಇಟ್ಟುಕೋ. ಅರ್ಧಕ್ಕಿಂತ ಜಾಸ್ತಿ ಎಡಿಟಿಂಗೇ ತಿನ್ನುತ್ತೆ. ತಿಂಗಳಿಗೆ ಎರಡು ಅಂದರೆ 24 ಗಂಟೆ, ಭಾನುವಾರಕ್ಕೆ ಆರಾರು ಗಂಟೆ. ಕೇಳೋಕೆ ಸುಲಭ. ಆದರೆ ನಿಮ್ಮದು ಹುಳದ ಮನೆ. ನಾನೂ ಅಂಥ ಮನೆಯಲ್ಲೇ ಬೆಳೆದವಳು. ಹುಳ ನಾಲ್ಕನೇ ಸಲ ಪೊರೆ ಬಿಟ್ಟು, ಅಂದರೆ ನಾಲ್ಕನೇ ಜ್ವರ ಎದ್ದ ಮೇಲಿನ ಆ ಒಂದು ವಾರ ಮರೆಯೋಕಾಗಲ್ಲ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ನೂರಕ್ಕೆ 80 ಭಾಗಕ್ಕಿಂತ ಜಾಸ್ತಿ ಹುಳ ಆಗಲೇ ತಿನ್ನೋದು. ಬೆಳಗಿನ ಜಾವ ತೋಟಕ್ಕೆ ಹೋಗಿ ಸೊಪ್ಪು ಕೊಯ್ದು ಬಂದು ಹಾಕಿ, ಕಣ್ಣು ಮುಚ್ಚುವಷ್ಟರಲ್ಲಿ ತಟ್ಟೆಯಲ್ಲಿ ಬರೀ ಕಡ್ಡಿ ಉಳಿದಿರುತ್ತೆ. ಹುಳ ಸೊಪ್ಪು ಮೇಯುವ ಸದ್ದು ಮಳೆ ಹನಿ ಬಿದ್ದ ಹಾಗೆ ಕೇಳುತ್ತಿರುತ್ತೆ. ಆ ವಾರ ನೀನು ಫೋನ್ ಹಿಡಿದು ಮೂಲೆಯಲ್ಲಿ ಎಡಿಟ್ ಮಾಡುತ್ತಾ ಕೂತರೆ, ಮಾರ್ಕ್ಸ್ ಎಷ್ಟೇ ಬರಲಿ, ಅಪ್ಪನ ಮನಸ್ಸು ಮುರಿಯುತ್ತೆ.

ಅದಕ್ಕೆ ವಾರದ ಲೆಕ್ಕ ಬಿಡು, ಬೆಳೆಯ ಲೆಕ್ಕ ಹಿಡಿ. ಒಂದು ಬೆಳೆಗೆ ಐದು ವಿಡಿಯೋ ಅಂತ ಇಟ್ಟುಕೋ. ಚಾಕಿಯ ಮರಿ ಹುಳ ಮನೆಗೆ ಬಂದ ದಿನ ಒಂದು, ಹುಳ ಜ್ವರಕ್ಕೆ ಕೂತಾಗ ಏನು ಮಾಡಬೇಕು ಅನ್ನೋದು ಒಂದು, ಹುಳ ಹಣ್ಣಾಗಿರುವುದನ್ನು ಗುರುತಿಸೋದು ಒಂದು, ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡೋದು ಒಂದು, ಗೂಡು ಬಿಡಿಸೋದು ಒಂದು. ಶೂಟಿಂಗ್ ಮಾತ್ರ ಬೆಳೆಯ ಜೊತೆಗೇ ಮಾಡು. ಹೇಗೂ ಸೊಪ್ಪು ಹಾಕುತ್ತಿರುತ್ತೀಯ, ಒಂದು ಕಡೆ ಫೋನ್ ನಿಲ್ಲಿಸಿದರೆ ಹತ್ತು ನಿಮಿಷದಲ್ಲಿ ಆಯ್ತು. ಎಡಿಟಿಂಗ್ ಎಲ್ಲ ಗೂಡು ಮಾರಿದ ಮೇಲೆ. ಐದು ಬೆಳೆಗೆ 25 ವಿಡಿಯೋ ಆಗುತ್ತೆ. ಸೆಮಿಸ್ಟರ್ ಪರೀಕ್ಷೆಯ ಹಿಂದಿನ ತಿಂಗಳು ಬಂದ ಬೆಳೆಯನ್ನು ಸುಮ್ನೆ ಬಿಟ್ಟುಬಿಡು. 20 ಆದರೂ ಸಾಕು.

ಇನ್ನು ಅಮ್ಮ. ದೃಷ್ಟಿ ಅಂದಿದ್ದಕ್ಕೆ ನೀನು ನಕ್ಕಿರಬಹುದು ಅಂತ ನನಗೆ ಅನುಮಾನ. ನಗಬೇಡ. ಅಮ್ಮನ ಮಾತಿನ ಒಳಗೆ ಹುಳದ ಆರೋಗ್ಯವೂ ಇದೆ. ಬೆಳಕು ಸಾಲದು ಅಂತ ನೀನು ಹುಳಮನೆ ಬಾಗಿಲು, ಕಿಟಕಿಯ ಪರದೆ ತೆರೆದಿಟ್ಟು ಶೂಟ್ ಮಾಡಿದರೆ ಊಜಿ ನೊಣ ಒಳಗೆ ಬರುತ್ತೆ. ಅದು ಹುಳದ ಮೈಮೇಲೆ ಮೊಟ್ಟೆ ಇಡುತ್ತೆ. ಮೊಟ್ಟೆ ಒಡೆದ ಜಾಗದಲ್ಲಿ ಕಪ್ಪು ಚುಕ್ಕೆ ಕಂಡಾಗ ಕೆಲಸ ಕೆಟ್ಟಿರುತ್ತೆ. ಕಾಲೇಜು, ಬಸ್ಸು ಎಲ್ಲ ಸುತ್ತಿ ಬಂದ ಫೋನನ್ನು ಹುಳದ ತಟ್ಟೆಯ ಮೇಲೆ ಹಿಡಿಯೋದೂ ಒಳ್ಳೆಯದಲ್ಲ. ಕೈ ತೊಳೆದೇ ಒಳಗೆ ಹೋಗುವ ಮನೆಯಲ್ಲಿ ಫೋನನ್ನೂ ಒರೆಸಿಯೇ ಒಯ್ಯಬೇಕು. ಬಾಗಿಲು ಹಾಕಿಯೇ ಇರುತ್ತೆ, ಬೆಳಕಿಗೆ ಒಂದು ಎಲ್ಇಡಿ ಬಲ್ಬು ಸಾಕು ಅಂತ ಪತ್ರದಲ್ಲಿ ಬರೆ. ಅಮ್ಮನಿಗೆ ನೀನು ಹುಳದ ಮನೆಯವಳಾಗಿಯೇ ಮಾತಾಡುತ್ತಿದ್ದೀಯ ಅಂತ ಅನಿಸುತ್ತೆ.

ಮುಖದ ವಿಷಯದಲ್ಲಿ ನಾನು ಅಮ್ಮನ ಕಡೆ. ನಿನ್ನ ವಿಡಿಯೋಗೆ ಮುಖ ಬೇಕಾಗಿಯೇ ಇಲ್ಲ. ಹಾಲುತೊಂಡೆ ರೋಗ ಬಂದ ಹುಳದ ಊದಿದ ಮೈ ತೋರಿಸುವಾಗ ನೋಡುವವರ ಕಣ್ಣು ನಿನ್ನ ಬೆರಳಿನ ಮೇಲೆ ಇರುತ್ತೆ. ಕೈ, ಹುಳ, ನಿನ್ನ ಧ್ವನಿ ಇಷ್ಟೇ ಇರಲಿ. ಊರಿನ ಹೆಸರು, ಕಾಲೇಜಿನ ಐಡಿ ಕಾರ್ಡು, ಮನೆಯ ಮುಂಭಾಗ, ಫೋನ್ ನಂಬರ್ ಬೇಡ. ಕಾಮೆಂಟ್‌ಗಳನ್ನು ನೀನು ನೋಡಿ ಬಿಟ್ಟರೆ ಮಾತ್ರ ಕಾಣುವ ಹಾಗೆ ಸೆಟ್ಟಿಂಗ್ಸ್‌ನಲ್ಲಿ ತಡೆಹಿಡಿಯಬಹುದು. ವಿಡಿಯೋವನ್ನು ಮೊದಲು ಪ್ರೈವೇಟ್ ಆಗಿ ಅಪ್‌ಲೋಡ್ ಮಾಡಿ ಅಮ್ಮನಿಗೆ ತೋರಿಸು. ಅಮ್ಮ ಬೇಡ ಅಂದರೆ ಅದು ಹೊರಗೆ ಹೋಗಬಾರದು, ಎಷ್ಟು ಚೆನ್ನಾಗಿ ಬಂದಿದ್ದರೂ ಸರಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ರೋಗಕ್ಕೆ ಯಾವ ಔಷಧಿ, ಎಷ್ಟು ಹಾಕಬೇಕು ಅಂತ ನಿನ್ನ ಬಾಯಿಂದ ಹೇಳಬೇಡ. ರೋಗದ ಗುರುತು ತೋರಿಸು, ಆಮೇಲೆ ರೇಷ್ಮೆ ಇಲಾಖೆಯವರನ್ನು ಕೇಳಿ ಅನ್ನು. ನಿನ್ನ ಮಾತು ನಂಬಿ ಯಾರದೋ ಒಂದು ಬೆಳೆ ಹೋದರೆ ಆ ಮನೆಯ ಒಂದೂವರೆ ತಿಂಗಳ ದುಡಿಮೆ ಹೋದಂತೆ. ಅಪ್ಪನೂ ಇದನ್ನು ಕೇಳಿಯೇ ಕೇಳುತ್ತಾರೆ. ಅವರು ಕೇಳುವ ಮೊದಲೇ ನಿನ್ನ ಪತ್ರದಲ್ಲಿ ಇರಲಿ.

ಪತ್ರ ಹೀಗಿದ್ದರೆ ಸಾಕು. ನಿನ್ನ ಮಾತಿನಲ್ಲಿ ಬದಲಾಯಿಸಿಕೋ.

"ಅಪ್ಪ, ಅಮ್ಮ, ಎದುರಿಗೆ ನಿಂತರೆ ನನಗೆ ಮಾತು ಜೋರಾಗುತ್ತೆ, ಅದಕ್ಕೆ ಬರೆಯುತ್ತಿದ್ದೇನೆ. ಮುಂದಿನ ಐದು ಬೆಳೆ ಮುಗಿಯುವವರೆಗೆ ಚಾನೆಲ್ ನಡೆಸೋಕೆ ಬಿಡಿ. ದುಡ್ಡು ಬರುತ್ತೆ ಅಂತ ನಾನು ಹೇಳುತ್ತಿಲ್ಲ, ಮೊದಲ ವರ್ಷ ಬಾರದೆಯೂ ಇರಬಹುದು. ಒಂದು ಮೈಕ್, ಒಂದು ಸ್ಟ್ಯಾಂಡ್ ಬೇಕು. ಎರಡೂ ಸೇರಿ 2,000 ರೂಪಾಯಿ ಮೀರಲ್ಲ. ಅದು ಬಿಟ್ಟು ಈ ವರ್ಷ ಏನೂ ಕೇಳಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಗೂಡು ಮಾರುವ ತನಕ ಎಡಿಟಿಂಗ್ ಮಾಡಲ್ಲ. ಪರೀಕ್ಷೆಯ ಹಿಂದಿನ ತಿಂಗಳೂ ಮಾಡಲ್ಲ. ಎಷ್ಟು ಗಂಟೆ ಕೂತೆ ಅಂತ ಗೂಡಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲೇ ಬರೆದಿಡುತ್ತೇನೆ. ಒಂದು ವಿಷಯ ಫೇಲ್ ಆದರೂ, ಹಾಜರಿ 75ಕ್ಕಿಂತ ಕಡಿಮೆಯಾದರೂ, ಅದು ಸರಿಯಾಗುವವರೆಗೆ ನಾನೇ ನಿಲ್ಲಿಸುತ್ತೇನೆ. ಮುಖ ತೋರಿಸಲ್ಲ. ಅಮ್ಮ ನೋಡದೆ ಒಂದು ವಿಡಿಯೋನೂ ಹಾಕಲ್ಲ."

ಇದರ ಕೆಳಗೆ ಮೂರನೇ ಬೆಳೆ ಮುಗಿದಾಗ ಮೂವರೂ ಕೂತು ನೋಡೋಣ ಅಂತ ಸೇರಿಸು. ಆಗ ಏನು ನೋಡಬೇಕು ಅನ್ನೋದು ನಿನಗೂ ಗೊತ್ತಿರಲಿ. ಯೂಟ್ಯೂಬ್ ಸ್ಟುಡಿಯೋದಲ್ಲಿ ಪ್ರತಿ ವಿಡಿಯೋಗೂ ಜನ ಎಲ್ಲಿಯವರೆಗೆ ನೋಡಿದರು ಅನ್ನುವ ಗೆರೆ ಕಾಣುತ್ತೆ. ಮೊದಲ 30 ಸೆಕೆಂಡಿಗೇ ಗೆರೆ ಧಡ್ ಅಂತ ಇಳಿದಿದ್ದರೆ ನಿನ್ನ ನಮಸ್ಕಾರ, ಪರಿಚಯ ಉದ್ದವಾಗಿದೆ ಅಂತ ಅರ್ಥ. ಹುಳದಿಂದಲೇ ಶುರು ಮಾಡು. ಮೂರನೇ ಬೆಳೆಯ ವಿಡಿಯೋಗಳನ್ನು ಮೊದಲ ಬೆಳೆಯವಕ್ಕಿಂತ ಜಾಸ್ತಿ ಹೊತ್ತು ನೋಡಿದ್ದರೆ, ಕೋಲಾರದ ಕಡೆಯಿಂದಲೋ ರಾಮನಗರದ ಕಡೆಯಿಂದಲೋ ಸಾಕುವವರು ಪ್ರಶ್ನೆ ಕೇಳುತ್ತಿದ್ದರೆ, ವ್ಯೂ 800 ಇದ್ದರೂ ಮುಂದುವರಿಸೋಕೆ ಕಾರಣ ಇದೆ. ಹದಿನೈದು ವಿಡಿಯೋ ಆದ ಮೇಲೂ ಗೆರೆ ಹಾಗೇ ಇದ್ದು, ನೋಡಿದವರೆಲ್ಲ ನಿನ್ನ ಕ್ಲಾಸಿನವರೇ ಆಗಿದ್ದರೆ, ಅದನ್ನೂ ಅಪ್ಪನಿಗೆ ನೀನೇ ಹೇಳಬೇಕು.

ಕೊಡುವ ದಿನವನ್ನೂ ನೋಡಿಕೊಂಡು ಕೊಡು. ಹುಳ ಮೇಯುತ್ತಿರುವಾಗ ಬೇಡ. ಗೂಡಿಗೆ ರೇಟು ಸಿಗದೆ ಅಪ್ಪ ಮಾರ್ಕೆಟ್ಟಿನಿಂದ ಸುಸ್ತಾಗಿ ಬಂದ ಸಂಜೆಯಂತೂ ಬೇಡವೇ ಬೇಡ. ಎರಡು ದಿನ ಬಿಡು. ಚಂದ್ರಿಕೆಗಳನ್ನು ತೊಳೆದು ಅಂಗಳದಲ್ಲಿ ಬಿಸಿಲಿಗೆ ಒರಗಿಸಿಟ್ಟು, ಹುಳಮನೆ ಖಾಲಿಯಾಗಿ, ಮೂವರೂ ಹೊತ್ತಿಗೆ ಸರಿಯಾಗಿ ಕೂತು ಊಟ ಮಾಡುವ ದಿನ ಬರುತ್ತಲ್ಲ, ಅವತ್ತು ಊಟ ಆದ ಮೇಲೆ ಅಪ್ಪನ ಕೈಗೆ ಕೊಡು. ಅಮ್ಮನಿಗೆ ನೀನೇ ಓದಿ ಹೇಳು.