ತಾತ ಯಾವಾಗ ಎದ್ದು ಬರ್ತಾರೆ?

*ಸಂಪಾದಕರೇ, ಎರಡು ತಿಂಗಳ ಹಿಂದೆ ನಮ್ಮ ಮಾವ ಹೃದಯಾಘಾತದಿಂದ ತೀರಿಕೊಂಡರು. ನಾಲ್ಕೂವರೆ ವರ್ಷದ ಮಗಳಿಗೆ ಅವರೆಂದರೆ ಪ್ರಾಣ. ಅವರನ್ನು ಹಾಲ್‌ನಲ್ಲಿ ಫ್ರೀಜರ್ ಬಾಕ್ಸ್‌ನಲ್ಲಿ ಇಟ್ಟಿದ್ದಾಗ ಅವಳು ನೋಡಿದಳು. 'ತಾತ ಮಲಗಿದ್ದಾರೆ, ದೇವರ ಹತ್ತಿರ ಹೋಗ್ತಾರೆ' ಅಂತ ಹೇಳಿ ಪಕ್ಕದ ಮನೆಗೆ ಕಳಿಸಿಬಿಟ್ಟೆವು. ಈಗ ದಿನಾ ಸಂಜೆ ಗೇಟಿನ ಹತ್ತಿರ ನಿಂತು 'ತಾತ ಯಾವಾಗ ಎದ್ದು ಬರ್ತಾರೆ' ಅಂತ ಕೇಳುತ್ತಾಳೆ. ರಾತ್ರಿ ನಿದ್ದೆ ಮಾಡುವುದಿಲ್ಲ. ಮಧ್ಯಾಹ್ನ ನಾನು ಮಲಗಿದರೆ ನನ್ನ ಕಣ್ಣಿನ ರೆಪ್ಪೆ ಎತ್ತಿ ನೋಡುತ್ತಾಳೆ. ಸಾವಿನ ಮಾತು ಮಗುವಿನ ಮುಂದೆ ಬೇಡ ಅಂತಾರೆ ಅತ್ತೆ. ನಾನು ಏನು ಹೇಳಲಿ?*
*— ಒಬ್ಬ ತಾಯಿ, ತುಮಕೂರು*

ರೆಪ್ಪೆ ಎತ್ತಿ ನೋಡುತ್ತಾಳೆ ಅಂದಿರಲ್ಲ, ಅದು ತುಂಟಾಟ ಅಲ್ಲಮ್ಮ. ನೀವು ಬದುಕಿದ್ದೀರಾ ಅಂತ ನೋಡುತ್ತಿದ್ದಾಳೆ. ತಾತ ಮಲಗಿದರು, ಆಮೇಲೆ ಏಳಲೇ ಇಲ್ಲ. ಹಾಗಾದರೆ ಮಲಗುವುದೇ ಅಪಾಯ, ಅಮ್ಮ ಮಲಗಿದರೂ ಅಪಾಯ, ತಾನು ಮಲಗಿದರೂ ಅಪಾಯ. ನೀವು ಕೊಟ್ಟ ಮಾಹಿತಿಗೆ ಅವಳ ಲೆಕ್ಕ ಸರಿಯಾಗಿಯೇ ಇದೆ. ಹಾಗಾಗಿ ಮಾಹಿತಿಯನ್ನೇ ಬದಲಾಯಿಸಬೇಕು.

ಈ ವಯಸ್ಸಿನ ಮಕ್ಕಳಿಗೆ ಸಾವು ಅಂದರೆ ಎಲ್ಲೋ ಹೋಗಿರುವುದು, ಅಷ್ಟೇ. ಹೋದವರು ಬರಲೇಬೇಕಲ್ವಾ? ಮರಿಯಾ ನಾಗಿ ಎಂಬ ಮನಃಶಾಸ್ತ್ರಜ್ಞೆ ಹಂಗೇರಿಯ ಮಕ್ಕಳನ್ನು ಮಾತಾಡಿಸಿ 1948ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಐದು ವರ್ಷದೊಳಗಿನ ಮಕ್ಕಳು ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಸತ್ತವರು ಬೇರೆ ಕಡೆ ಇದ್ದಾರೆ, ಸ್ವಲ್ಪ ಕಡಿಮೆ ಬದುಕಿದ್ದಾರೆ, ಅನ್ನೋ ಥರ. ನಾವು ಅದರ ಮೇಲೆ 'ಮಲಗಿದ್ದಾರೆ', 'ಊರಿಗೆ ಹೋಗಿದ್ದಾರೆ', 'ನಕ್ಷತ್ರ ಆಗಿದ್ದಾರೆ' ಅಂತ ಸೇರಿಸಿದರೆ ಮಗು ಗೇಟಿನಲ್ಲಿ ಕಾಯದೆ ಇನ್ನೇನು ಮಾಡುತ್ತೆ?

ಮಾತು ಶುರು ಮಾಡುವುದಕ್ಕೆ ಬೆಳಗಿನ ಹೊತ್ತು ನೋಡಿಕೊಳ್ಳಿ, ಮಲಗುವ ಹೊತ್ತು ಖಂಡಿತ ಬೇಡ. ಟಿವಿ ಆಫ್ ಇರಲಿ, ಮೊಬೈಲ್ ದೂರ ಇರಲಿ. ಮೊದಲು ಅವಳನ್ನೇ ಕೇಳಿ: "ತಾತ ಎಲ್ಲಿದ್ದಾರೆ ಅಂತ ನಿಂಗೆ ಅನ್ಸುತ್ತೆ ಪುಟ್ಟಿ?" ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ, ಮಧ್ಯೆ ತಿದ್ದಬೇಡಿ. ತಲೆಯಲ್ಲಿ ಏನು ಓಡುತ್ತಿದೆ ಅಂತ ಗೊತ್ತಾದರೆ ತಿದ್ದುವುದೂ ಸುಲಭ. ಆಮೇಲೆ ಹೀಗೆ ಹೇಳಿ, ನಿಮ್ಮದೇ ಮಾತಿನಲ್ಲಿ:

"ತಾತ ಮಲಗಿದ್ದಾರೆ ಅಂತ ಹೇಳಿದ್ದೆವಲ್ಲ, ಅದು ಸರಿಯಲ್ಲ. ತಾತ ಸತ್ತುಹೋದರು. ಅವರ ಹೃದಯಕ್ಕೆ ತುಂಬಾ ದೊಡ್ಡ ಕಾಯಿಲೆ ಬಂತು. ಡಾಕ್ಟರು ಪ್ರಯತ್ನ ಮಾಡಿದರು, ಆದ್ರೂ ಹೃದಯ ನಿಂತುಹೋಯ್ತು. ಸತ್ತ ಮೇಲೆ ಉಸಿರಾಡಲ್ಲ, ಊಟ ಮಾಡಲ್ಲ, ನೋವಾಗಲ್ಲ, ಚಳಿ ಆಗಲ್ಲ. ಮತ್ತೆ ಎದ್ದು ಬರೋಕೆ ಆಗಲ್ಲ. ನಿದ್ದೆ ಬೇರೆ. ನಿದ್ದೆಯಲ್ಲಿ ಹೃದಯ ಲಬ್ ಡಬ್ ಅಂತ ಹೊಡ್ಕೊಳ್ತಾನೇ ಇರುತ್ತೆ, ಬೆಳಗ್ಗೆ ಎಲ್ಲರೂ ಏಳ್ತೀವಿ."

ಇಷ್ಟೇ ಸಾಕು. ಅವಳ ಕೈ ತಗೊಂಡು ನಿಮ್ಮ ಎದೆ ಮೇಲೆ ಇಡಿ, ಮಲಗಿ ಕಣ್ಣು ಮುಚ್ಚಿಕೊಳ್ಳಿ, ಆಗಲೂ ಎದೆ ಹೊಡೆದುಕೊಳ್ಳುವುದು ಅವಳ ಕೈಗೇ ಗೊತ್ತಾಗಲಿ. ರೆಪ್ಪೆ ಎತ್ತಿ ನೋಡುವ ಮಗುವಿಗೆ ಹತ್ತು ಮಾತಿಗಿಂತ ಇದು ಬೇಗ ನಾಟುತ್ತೆ. ನಿಮಗೆ ಅಳು ಬಂದರೆ ಅಳಿ. "ತಾತ ನೆನಪಾಗಿ ಅಳು ಬಂತು" ಅಂತ ಕಾರಣ ಹೇಳಿಬಿಡಿ, ಇಲ್ಲದಿದ್ದರೆ ತಾನೇ ಏನೋ ತಪ್ಪು ಮಾಡಿದೆ ಅಂದುಕೊಳ್ಳುತ್ತಾಳೆ.

ಸುಮ್ನೆ 'ಹುಷಾರಿರಲಿಲ್ಲ' ಅಂದರೆ ಮುಂದಿನ ವಾರ ಅವಳಿಗೆ ನೆಗಡಿಯಾದಾಗ ಭಯ ಶುರುವಾಗುತ್ತೆ. 'ವಯಸ್ಸಾಗಿತ್ತು' ಎಂದು ನಿಲ್ಲಿಸಿದರೂ ಕಷ್ಟ, ಅವಳ ಕಣ್ಣಿಗೆ ನಿಮಗೂ ವಯಸ್ಸಾಗಿದೆ! ಅದಕ್ಕೇ 'ಹೃದಯ', 'ತುಂಬಾ ದೊಡ್ಡ ಕಾಯಿಲೆ', 'ನಿನಗೆ ಬರೋ ಜ್ವರ ಥರ ಅಲ್ಲ' ಅಂತ ಬಿಡಿಸಿ ಹೇಳಬೇಕು.

ಇಷ್ಟೆಲ್ಲಾ ಕೇಳಿ ಅವಳು "ಸರಿ, ನಂಗೆ ಬಿಸ್ಕತ್ತು ಬೇಕು" ಅಂತ ಎದ್ದು ಓಡಬಹುದು. ಮನಸ್ಸಿಗೆ ಹೋಗಿಲ್ಲ ಅಂದುಕೊಳ್ಳಬೇಡಿ. ಚಿಕ್ಕ ಮಕ್ಕಳು ದುಃಖವನ್ನು ಒಂದೇ ಸಲ ಹೊತ್ತುಕೊಂಡು ಕೂರುವುದಿಲ್ಲ, ಐದು ನಿಮಿಷ ಅತ್ತು, ಆಟ ಆಡಿ, ಮತ್ತೆ ರಾತ್ರಿ ಊಟದ ಮಧ್ಯೆ ಕೇಳುತ್ತಾರೆ. ಗೊಂಬೆಯನ್ನು ಮಲಗಿಸಿ ಹಾರ ಹಾಕಿ ಆಟ ಆಡಿದರೂ ಬೈಯಬೇಡಿ, ನೋಡಿದ್ದನ್ನು ಅರ್ಥ ಮಾಡಿಕೊಳ್ಳುವುದು ಅವರಿಗೆ ಹಾಗೇನೇ. ಸಂಜೆ ಗೇಟಿನ ಪ್ರಶ್ನೆಯೂ ತಕ್ಷಣ ನಿಲ್ಲುವುದಿಲ್ಲ. ಪ್ರತಿ ಸಲವೂ ಅದೇ ಉತ್ತರ, ಅದೇ ಪದಗಳು: "ಇಲ್ಲ ಪುಟ್ಟಿ, ತಾತ ಸತ್ತುಹೋದರು, ಬರೋಕೆ ಆಗಲ್ಲ. ನಂಗೂ ಅವರು ಬೇಕು ಅನ್ಸುತ್ತೆ." ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರೆ ಅವಳು ಇನ್ನೂ ಜಾಸ್ತಿ ಕೇಳುತ್ತಾಳೆ.

ಅವಳು ಕೇಳದೇ ಇದ್ದರೂ ನೀವಾಗಿ ಹೇಳಬೇಕಾದ ಒಂದು ಮಾತಿದೆ. ಈ ವಯಸ್ಸಿನಲ್ಲಿ ತಾನು ಅಂದುಕೊಂಡದ್ದೆಲ್ಲ ನಡೆಯುತ್ತೆ ಅನ್ನುವ ನಂಬಿಕೆ ಇರುತ್ತೆ. ಯಾವತ್ತೋ ತಾತ ಚಾಕೊಲೇಟ್ ಕೊಡಿಸಲಿಲ್ಲ ಅಂತ "ಹೋಗು, ನೀನು ಬೇಡ" ಅಂದಿರುತ್ತಾಳೆ. ಅದಕ್ಕೇ ಹೋದರು ಅಂತ ಒಳಗೊಳಗೇ ಕೊರಗುವ ಮಕ್ಕಳಿದ್ದಾರೆ, ಬಾಯಿಬಿಟ್ಟು ಹೇಳುವುದಿಲ್ಲ. "ನೀನು ಹೇಳಿದ್ದರಿಂದ, ಮಾಡಿದ್ದರಿಂದ ತಾತ ಸಾಯಲಿಲ್ಲ. ಸಿಟ್ಟು ಬಂದರೆ ಯಾರೂ ಸಾಯಲ್ಲ" ಎಂದು ಒಂದು ಸಲವಾದರೂ ಹೇಳಿ.

"ನೀನೂ ಸಾಯ್ತೀಯಾ ಅಮ್ಮ?" ಇವತ್ತಲ್ಲ ನಾಳೆ ಇದು ಬಂದೇ ಬರುತ್ತೆ. 'ಛೆ, ನಾನು ಯಾವತ್ತೂ ಸಾಯಲ್ಲ' ಅನ್ನಬೇಡಿ, ಅದೂ ಮಲಗಿದ್ದಾರೆ ಅಂದ ಹಾಗೇ. "ಎಲ್ಲರೂ ಒಂದು ದಿನ ಸಾಯ್ತಾರೆ. ಜಾಸ್ತಿ ಜನ ತುಂಬಾ ತುಂಬಾ ವಯಸ್ಸಾದ ಮೇಲೆ. ನಾನು ಈಗ ಗಟ್ಟಿಮುಟ್ಟಾಗಿದ್ದೀನಿ, ನೀನು ದೊಡ್ಡವಳಾಗೋದನ್ನ ನೋಡ್ತೀನಿ ಅಂತ ಅಂದ್ಕೊಂಡಿದ್ದೀನಿ." ಅವಳು ನಿಜವಾಗಿ ಕೇಳುತ್ತಿರುವುದು ತನ್ನನ್ನು ಯಾರು ನೋಡಿಕೊಳ್ಳುತ್ತಾರೆ ಅಂತ. ಅಪ್ಪ ಇದ್ದಾರೆ, ಅಜ್ಜಿ ಇದ್ದಾರೆ ಅಂತ ಹೆಸರು ಹೇಳಿ ಎಣಿಸಿಬಿಡಿ.

ಬಾಕ್ಸ್ ನೋಡಿದ್ದಾಳೆ, ಹಾಗಾಗಿ ಮೂಗಿನ ಹತ್ತಿಯನ್ನೂ ನೋಡಿರುತ್ತಾಳೆ. "ಉಸಿರು ಹೇಗೆ ಬಿಡ್ತಾರೆ, ಒಳಗೆ ಚಳಿ ಆಗಲ್ವಾ?" ಅಂತ ಕೇಳಿದರೆ ಬೆಚ್ಚಬೇಡಿ. ಉಸಿರು ಆಗಲೇ ನಿಂತಿತ್ತು, ಚಳಿ ಗೊತ್ತಾಗಲ್ಲ, ನೆಂಟರೆಲ್ಲ ಬಂದು ನೋಡುವವರೆಗೆ ದೇಹ ಕೆಡದಿರಲಿ ಅಂತ ಇಟ್ಟಿದ್ದೆವು, ಅಷ್ಟು ಸಾಕು. ನಿಮ್ಮಲ್ಲಿ ಸುಡುವುದೋ ಮಣ್ಣು ಮಾಡುವುದೋ ಬರೆದಿಲ್ಲ. ಯಾವುದೇ ಇರಲಿ, ಅವಳು ಕೇಳಿದರೆ ಮಾತ್ರ ಹೇಳಿ, ಸತ್ತ ದೇಹಕ್ಕೆ ಏನೂ ಗೊತ್ತಾಗಲ್ಲ ಅನ್ನುವುದು ಅವಳಿಗೆ ಚೆನ್ನಾಗಿ ಅರ್ಥವಾದ ಮೇಲೆ ಹೇಳಿ. ಬೆಂಕಿಯ ಮಾತು ಮೊದಲು ಬಂದರೆ ತಾತನಿಗೆ ನೋವಾಯ್ತು ಅಂತಲೇ ಉಳಿದುಬಿಡುತ್ತೆ.

ಇನ್ನು ಅತ್ತೆ. ಅವರು ಗಂಡನನ್ನು ಕಳೆದುಕೊಂಡು ಎರಡು ತಿಂಗಳು, ಆ ಪದ ಕೇಳುವುದೇ ಅವರಿಗೆ ಕಷ್ಟ ಇರಬಹುದು. ಜಗಳ ಬೇಡ. ದೇವರ ವಿಷಯವನ್ನು ಅವರಿಗೇ ಬಿಡಿ, ಮೊದಲು ಸಾವಿನ ಮಾತು ನೀವು ಹೇಳಿ, ಆಮೇಲೆ "ತಾತ ದೇವರ ಹತ್ತಿರ ಇದ್ದಾರೆ ಅಂತ ನಾವು ನಂಬ್ತೀವಿ" ಅಂತ ಅಜ್ಜಿ ಹೇಳಲಿ. ಒಂದನ್ನು ಮಾತ್ರ ಬೇಡಿಕೊಳ್ಳಿ: 'ಒಳ್ಳೆಯವರನ್ನ ದೇವರು ಬೇಗ ಕರ್ಕೊಳ್ತಾನೆ' ಅನ್ನುವ ಮಾತು ಬೇಡ. ಅದನ್ನು ಕೇಳಿದ ಮಗು ದೇವರ ಮನೆಗೆ ಕಾಲಿಡಲು ಹೆದರಬಹುದು, ಇಲ್ಲವೇ ಬೇಕಂತಲೇ ಹಟ ಮಾಡಲು ಶುರು ಮಾಡಬಹುದು. ತಿಥಿ ದಿನ ಎಡೆ ಇಟ್ಟಾಗ "ತಾತ ತಿನ್ನೋಕೆ ಬರ್ತಾರಾ?" ಅಂದರೆ, ಬರಲ್ಲ, ಅವರಿಗೆ ಇಷ್ಟವಾದದ್ದನ್ನ ಮಾಡಿ ನೆನೆಸಿಕೊಳ್ತೀವಿ ಅಂತ ಹೇಳಿ, ಎಲೆಗೆ ಒಂದು ವಡೆ ಅವಳ ಕೈಯಲ್ಲೇ ಹಾಕಿಸಿ.

ಕೆಲವು ವಾರ ಹಾಸಿಗೆ ಒದ್ದೆ ಮಾಡುವುದು, ನಿಮ್ಮ ಸೆರಗು ಬಿಡದಿರುವುದು ಮಾಮೂಲಿ. ಶಾಲೆಯ ಮಿಸ್‌ಗೂ ವಿಷಯ ತಿಳಿಸಿ, ಮನೆಯಲ್ಲಿ ಬಳಸುವ ಮಾತನ್ನೇ ಅವರೂ ಬಳಸಲಿ. ಆದರೆ ನೇರವಾಗಿ ಹೇಳಿ ಒಂದು ತಿಂಗಳಾದ ಮೇಲೂ ನಿದ್ದೆ ಸರಿಹೋಗದಿದ್ದರೆ, ಊಟ, ಆಟ ಎರಡೂ ಬಿಟ್ಟರೆ ಮಕ್ಕಳ ವೈದ್ಯರಿಗೆ ತೋರಿಸಿ. 'ನಾನೂ ತಾತನ ಹತ್ತಿರ ಹೋಗ್ತೀನಿ' ಎಂದು ಪದೇ ಪದೇ ಅಂದರೆ ತಿಂಗಳು ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ರಾತ್ರಿಯೂ ಸಿಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ, ತುಮಕೂರಿನಿಂದ ಬೆಳಗ್ಗೆ ಹೊರಟು ಸಂಜೆಗೆ ವಾಪಸ್ ಬರಬಹುದು.