ಪೆನ್ ಡ್ರೈವಿನಿಂದ ಅಳಿಸಿದ ವರದಿ ಮತ್ತೆ ಸಿಗುತ್ತದೆಯೇ?

ಪ್ರಶ್ನೆ: ಮಾನ್ಯರೇ, ನಾನು ಅಂತಿಮ ವರ್ಷದ ಬಿ.ಎ. ವಿದ್ಯಾರ್ಥಿನಿ. ಬಾಯಾರು, ಎಣ್ಮಕಜೆ ಭಾಗದ ಸುರಂಗಗಳ ಕುರಿತ ನನ್ನ ಪ್ರಾಜೆಕ್ಟ್ ವರದಿ ಪೆನ್ ಡ್ರೈವಿನಲ್ಲಿತ್ತು. ಜಾಗ ಸಾಲದೆಂದು ಒಂದು ಹಳೆಯ ಫೋಲ್ಡರ್ ಅಳಿಸಿದೆ. ವರದಿ ಅದರೊಳಗೇ ಇತ್ತೆಂದು ಆಮೇಲೆ ತಿಳಿಯಿತು. ರೀಸೈಕಲ್ ಬಿನ್‌ನಲ್ಲಿ ಇಲ್ಲ. ಗೆಳತಿ ಹೇಳಿದ ರಿಕವರಿ ಸಾಫ್ಟ್‌ವೇರನ್ನು ಅದೇ ಪೆನ್ ಡ್ರೈವಿಗೆ ಡೌನ್‌ಲೋಡ್ ಮಾಡಿ ನೋಡಿದೆ, ಸಿಗಲಿಲ್ಲ. ಸೋಮವಾರ ಸಲ್ಲಿಸಬೇಕು. ಎರಡು ದಿನದಿಂದ ಊಟ ಸೇರುತ್ತಿಲ್ಲ. ದಯವಿಟ್ಟು ಏನಾದರೂ ಮಾಡಿ ಸರ್.

ಉತ್ತರ: ಇಂಥ ಪತ್ರಕ್ಕೆ ಅಂಕಣದಲ್ಲಿ ಉತ್ತರಿಸುವಷ್ಟರಲ್ಲಿ ಸೋಮವಾರ ಕಳೆದುಹೋಗುತ್ತದೆಯಾದ್ದರಿಂದ ಪತ್ರ ಬಂದ ದಿನವೇ ಪೆನ್ ಡ್ರೈವನ್ನು ಕಂಪ್ಯೂಟರ್ ಕೇಂದ್ರಕ್ಕೆ ತರಿಸಿಕೊಂಡೆ. ಆದರೂ ಇಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಪ್ರತಿ ವರ್ಷ ವರದಿ ಸಲ್ಲಿಸುವ ವಾರದಲ್ಲಿ ಇದೇ ಪತ್ರ ಬೇರೆ ಬೇರೆ ಕೈಬರಹದಲ್ಲಿ ನನ್ನ ಮೇಜಿಗೆ ಬರುತ್ತದೆ, ಮತ್ತು ಪ್ರತಿಯೊಂದರಲ್ಲೂ ಗೆಳತಿಯೋ ಗೆಳೆಯನೋ ಹೇಳಿದ ಆ ಸಾಫ್ಟ್‌ವೇರ್ ಇದ್ದೇ ಇರುತ್ತದೆ.

ವಿಂಡೋಸ್‌ನಲ್ಲಿ ಪೆನ್ ಡ್ರೈವಿನಿಂದ ಅಳಿಸಿದ ಕಡತ ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ. ಆದ್ದರಿಂದ ಅಲ್ಲಿ ಹುಡುಕುತ್ತ ಕೂರುವುದು ವ್ಯರ್ಥ. ಉಬುಂಟುವಿನ ಕಥೆ ಬೇರೆ. ನಮ್ಮ ಕಾಸರಗೋಡು ಜಿಲ್ಲೆಯ ಸರಕಾರಿ ಶಾಲೆಗಳಲ್ಲಿ ಉಬುಂಟು ಆಧಾರಿತ ವ್ಯವಸ್ಥೆಯನ್ನೇ ಕಲಿಸುವುದರಿಂದ ಎಷ್ಟೋ ಮನೆಗಳಲ್ಲಿಯೂ ಅದೇ ಇದೆ. ಅದರ ಫೈಲ್ ಕಿಟಕಿಯಲ್ಲಿ ಸುಮ್ಮನೆ ಡಿಲೀಟ್ ಒತ್ತಿದರೆ ಕಡತವು ಪೆನ್ ಡ್ರೈವಿನಲ್ಲೇ `.Trash-1000` ಎಂಬ ಅಡಗಿದ ಫೋಲ್ಡರಿಗೆ ಸೇರುತ್ತದೆ, ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕಣ್ಣಿಗೆ ಬೀಳುತ್ತದೆ. ಕಡತಗಳನ್ನು ಅಳಿಸಿದ ಮೇಲೂ ಪೆನ್ ಡ್ರೈವಿನಲ್ಲಿ ಜಾಗ ಹೆಚ್ಚಾಗದಿದ್ದರೆ ಅವು ಅಲ್ಲಿಯೇ ಇವೆ ಎಂದು ತಿಳಿಯಬಹುದು. ಈ ವಿದ್ಯಾರ್ಥಿನಿ ಅಳಿಸಿದ್ದು ವಿಂಡೋಸ್‌ನಲ್ಲಿ, ಆ ಅದೃಷ್ಟ ಅವರಿಗಿರಲಿಲ್ಲ.

ಪೆನ್ ಡ್ರೈವಿನಲ್ಲಿ ಅಳಿಸುವುದೆಂದರೆ ಅಕ್ಷರಗಳನ್ನು ಒರೆಸುವುದಲ್ಲ. ಫೋಲ್ಡರಿನ ಪಟ್ಟಿಯಲ್ಲಿ ಆ ಕಡತದ ಹೆಸರಿನ ಮೊದಲ ಅಕ್ಷರಕ್ಕೆ ಒಂದು ಗುರುತು ಹಾಕಿ, ಅದು ಹಿಡಿದುಕೊಂಡಿದ್ದ ಜಾಗವೆಲ್ಲ ಖಾಲಿ ಎಂದು ಲೆಕ್ಕದಲ್ಲಿ ಬರೆದುಕೊಳ್ಳಲಾಗುತ್ತದೆ, ಅಷ್ಟೇ. ಒಳಗಿನ ಬರಹ ಇದ್ದಲ್ಲೇ ಇರುತ್ತದೆ. ಆದರೆ ಮುಂದೆ ಬರುವ ಯಾವ ಕಡತಕ್ಕೂ ಆ ಜಾಗವನ್ನು ಕೊಡಬಹುದು. ಇನ್ನು ಈ ಪೆನ್ ಡ್ರೈವ್ ತುಂಬಿತ್ತು ಎಂಬುದನ್ನು ಗಮನಿಸಿ. ತುಂಬಿದ ಡ್ರೈವಿನಲ್ಲಿ ಹೊಸದಕ್ಕೆ ಸಿಗುವ ಜಾಗ ಈಗಷ್ಟೇ ಅಳಿಸಿದ ಫೋಲ್ಡರಿನದೇ ಆಗಿರುತ್ತದೆ. ವರದಿಯನ್ನು ಹುಡುಕಲೆಂದು ತಂದ ಸಾಫ್ಟ್‌ವೇರ್ ವರದಿಯ ಮೇಲೆಯೇ ಕುಳಿತಿತು. ಕಳೆದುಹೋದ ಕಡತ ಇದ್ದ ಡ್ರೈವಿಗೆ ಒಂದು ಅಕ್ಷರವನ್ನೂ ಬರೆಯಬಾರದು, ವಿಂಡೋಸ್ ‘ಸ್ಕ್ಯಾನ್ ಮಾಡಿ ಸರಿಪಡಿಸಲೇ’ ಎಂದು ಕೇಳಿದರೆ ಒಪ್ಪಬಾರದು, ಅಷ್ಟೇಕೆ, ಅದನ್ನು ವಿಂಡೋಸ್ ಯಂತ್ರಕ್ಕೆ ಸುಮ್ಮನೆ ಚುಚ್ಚಲೂಬಾರದು. ಏಕೆಂದರೆ ಚುಚ್ಚಿದ ಕೂಡಲೇ ಅದು ತನ್ನದೊಂದು `System Volume Information` ಫೋಲ್ಡರನ್ನು ಬರೆದಿಡುವುದುಂಟು.

ನಾವು ಮಾಡಿದ ಮೊದಲ ಕೆಲಸ ಪೆನ್ ಡ್ರೈವಿನ ಪೂರ್ತಿ ಪ್ರತಿಯೊಂದನ್ನು ಲಿನಕ್ಸ್ ಯಂತ್ರದಲ್ಲಿ ತೆಗೆದದ್ದು. ಆ ಯಂತ್ರದಲ್ಲಿ ಪೆನ್ ಡ್ರೈವ್ ತಾನಾಗಿ ತೆರೆದುಕೊಳ್ಳದಂತೆ ಮೊದಲೇ ನಿಲ್ಲಿಸಿಟ್ಟಿದ್ದೇವೆ. ಡ್ರೈವ್ 16 ಜಿಬಿಯದಾದರೆ ಯಂತ್ರದಲ್ಲಿ 16 ಜಿಬಿ ಜಾಗ ಬೇಕು, ಹಳೆಯ ಪೆನ್ ಡ್ರೈವಾದರೆ ಕಾಲು ಗಂಟೆಯಷ್ಟು ಕಾಯಬೇಕು.

```
lsblk
sudo dd if=/dev/sdb of=pen.img bs=4M status=progress
photorec pen.img
```

ಮೊದಲ ಸಾಲು ತೋರಿಸುವ ಗಾತ್ರವನ್ನು ನೋಡಿ ಯಾವುದು ಪೆನ್ ಡ್ರೈವ್ ಎಂದು ಖಚಿತಪಡಿಸಿಕೊಳ್ಳಬೇಕು. ನಮ್ಮಲ್ಲಿ ಅದು `sdb` ಆಗಿತ್ತು, ನಿಮ್ಮಲ್ಲಿ ಬೇರೆ ಇರಬಹುದು. ಎರಡನೆಯ ಸಾಲಿನಲ್ಲಿ `if` ಮತ್ತು `of` ಅದಲುಬದಲಾದರೆ ಉಳಿದಿದ್ದ ವರದಿಯೂ ಅಲ್ಲಿಗೆ ಮುಗಿಯಬಹುದು. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿರುವ ನಾನು ಇವತ್ತಿಗೂ ಎಂಟರ್ ಒತ್ತುವ ಮೊದಲು ಆ ಸಾಲನ್ನು ಬೆರಳಿಟ್ಟು ಓದುತ್ತೇನೆ. ಪ್ರತಿ ಸಿದ್ಧವಾದ ಮೇಲೆ ಪೆನ್ ಡ್ರೈವನ್ನು ಕವರಿಗೆ ಹಾಕಿ ಕಪಾಟಿನಲ್ಲಿಟ್ಟೆ, ಮುಂದಿನದೆಲ್ಲ ಪ್ರತಿಯ ಮೇಲೆಯೇ ನಡೆಯಿತು.

ಫೋಟೊರೆಕ್ ಎಂಬ ಈ ಉಚಿತ ತಂತ್ರಾಂಶ ಹೆಸರುಗಳ ಪಟ್ಟಿಯನ್ನು ನೋಡುವುದೇ ಇಲ್ಲ. ಖಾಲಿ ಎನಿಸಿಕೊಂಡ ಜಾಗವನ್ನು ಮೊದಲಿಂದ ಕೊನೆಯವರೆಗೆ ಓದುತ್ತ ಕಡತದ ಆರಂಭದಂತೆ ಕಾಣುವ ಗುರುತುಗಳನ್ನು ಹುಡುಕುತ್ತದೆ. ವರ್ಡ್‌ನ ಡಾಕ್ಸ್ ಕಡತ ನಿಜದಲ್ಲಿ ಒಂದು ಜಿಪ್ ಗಂಟು. ಆದ್ದರಿಂದ ಕಡತಗಳ ಬಗೆಯಲ್ಲಿ `zip` ಒಂದನ್ನೇ ಆರಿಸಬೇಕು, ಇಲ್ಲದಿದ್ದರೆ ಸಾವಿರಾರು ಚಿತ್ರಗಳ ನಡುವೆ ಮುಳುಗುತ್ತೀರಿ. ಹುಡುಕುವ ಜಾಗ ಕೇಳಿದಾಗ `Free` ಎನ್ನಬೇಕು. ಇದಲ್ಲದೆ ಆಯ್ಕೆಗಳಲ್ಲಿ `Keep corrupted files` ಎಂಬುದನ್ನು ಚಾಲೂ ಮಾಡಿಕೊಳ್ಳಬೇಕು. ಇದನ್ನು ಬಿಟ್ಟವರೇ ‘ಏನೂ ಸಿಗಲಿಲ್ಲ’ ಎಂದು ಅಳುತ್ತ ಬರುತ್ತಾರೆ, ಏಕೆಂದರೆ ಅರ್ಧ ಹಾಳಾದ ಕಡತವನ್ನು ತಂತ್ರಾಂಶ ಇಲ್ಲವಾದರೆ ಎತ್ತಿಡದೆ ಬಿಟ್ಟುಬಿಡುತ್ತದೆ.

ಸಿಕ್ಕ ಕಡತಗಳೆಲ್ಲ `recup_dir.1` ಎಂಬ ಫೋಲ್ಡರಿನಲ್ಲಿ ಅಂಕೆಗಳ ಹೆಸರಿನಿಂದ ಬರುತ್ತವೆ. ಇಟ್ಟ ಹೆಸರು ಉಳಿಯುವುದಿಲ್ಲ. ಈ ಸಲ ಅರುವತ್ತಕ್ಕೂ ಹೆಚ್ಚು ಬಂದವು. ಒಂದೊಂದನ್ನೇ ತೆರೆಯುವ ಬದಲು ಒಳಗಿನ ಬರಹದಲ್ಲಿ ಒಂದು ಪದವನ್ನು ಹುಡುಕಿಸಬಹುದು. ಗಂಟು ಬಿಚ್ಚದೆ ಹುಡುಕಿದರೆ ಏನೂ ಕಾಣದು, ಆದ್ದರಿಂದ ಹೀಗೆ:

```
for f in recup_dir.*/*.docx; do
  unzip -p "$f" word/document.xml 2>/dev/null |
    grep -q "ಸುರಂಗ" && echo "$f"
done
```

ಒಂದೂ ಬರಲಿಲ್ಲ. ನನಗೆ ಆಶ್ಚರ್ಯವಾಗಲಿಲ್ಲ. ‘ಯಾವುದರಲ್ಲಿ ಟೈಪ್ ಮಾಡಿದ್ದೀರಿ?’ ಎಂದು ಕೇಳಿದಾಗ ‘ನುಡಿಯಲ್ಲಿ, ಸರ್’ ಎಂದರು. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಬರೆದದ್ದು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಕಡತದೊಳಗೆ ಇಂಗ್ಲಿಷ್ ಮತ್ತು ಇತರ ಲ್ಯಾಟಿನ್ ಗುರುತುಗಳಾಗಿಯೇ ಕುಳಿತಿರುತ್ತದೆ. ‘ಸುರಂಗ’ ಎಂಬುದು ಅಲ್ಲಿ `¸ÀÄgÀAUÀ`. ಉಲ್ಲೇಖದ ಗುರುತುಗಳ ನಡುವೆ ಅದನ್ನು ಹಾಕಿ ಮತ್ತೆ ಓಡಿಸಿದಾಗ ಎರಡು ಕಡತಗಳು ಸಿಕ್ಕವು. ಉದ್ದದ ಪದ ಅಥವಾ ವಾಕ್ಯವನ್ನು ಹುಡುಕಬೇಡಿ. ವರ್ಡ್ ಒಂದೇ ಸಾಲನ್ನು ಒಳಗೆ ತುಂಡು ತುಂಡಾಗಿ ಇಟ್ಟಿರುವುದರಿಂದ ಇದ್ದದ್ದೂ ಸಿಗದೆ ಹೋಗುತ್ತದೆ.

ಸಿಕ್ಕ ಎರಡೂ ಹಳೆಯ ಕರಡುಗಳು. ವರ್ಡ್ ಪ್ರತಿ ಸಲ ಸೇವ್ ಮಾಡುವಾಗ ಹೊಸದೊಂದು ಕಡತವನ್ನು ಪೂರ್ತಿಯಾಗಿ ಬರೆದು, ಅನಂತರ ಹಳೆಯದನ್ನು ಅಳಿಸಿ ಹೆಸರು ಬದಲಿಸುತ್ತದೆ. ಹೀಗಾಗಿ ಪೆನ್ ಡ್ರೈವಿನಲ್ಲೇ ಕುಳಿತು ಬರೆದವರ ಹಿಂದಿನ ಕರಡುಗಳು ಖಾಲಿ ಜಾಗದಲ್ಲಿ ಬಿದ್ದಿರುವುದುಂಟು. ಒಂದರಲ್ಲಿ ಎರಡು ಅಧ್ಯಾಯ, ಇನ್ನೊಂದರಲ್ಲಿ ಮೂರು. ವರದಿಯಲ್ಲಿದ್ದದ್ದು ಐದು.

ಉಳಿದದ್ದು ಹಾಳಾದವುಗಳ ಗುಂಪಿನಲ್ಲಿತ್ತು. ಅವುಗಳ ಹೆಸರು `f` ಬದಲು `b` ಅಕ್ಷರದಿಂದ ಆರಂಭವಾಗುತ್ತದೆ, ಕೊನೆಯಲ್ಲಿ `.docx` ಇರಬೇಕೆಂದೂ ಇಲ್ಲ, `.zip` ಆಗಿರಬಹುದು. ಜಿಪ್ ಗಂಟಿನಲ್ಲಿ ಏನೇನಿದೆ ಎಂಬ ಪಟ್ಟಿ ಇರುವುದು ಕಡತದ ತುದಿಯಲ್ಲಿ. ತುದಿ ಹೋದರೆ ವರ್ಡ್ ತೆರೆಯಲು ಒಪ್ಪುವುದಿಲ್ಲ, ಮೇಲಿನ ಹುಡುಕಾಟಕ್ಕೂ ಅದು ಸಿಗುವುದಿಲ್ಲ. ಆದರೆ ವರ್ಡ್ ಗಂಟು ಕಟ್ಟುವಾಗ ಸಾಮಾನ್ಯವಾಗಿ ಬರಹವನ್ನು ಮೊದಲಿಡುತ್ತದೆ, ಚಿತ್ರಗಳು ಅದರ ಹಿಂದೆ ಬರುತ್ತವೆ. ಈ ವರದಿಯಲ್ಲಿ ಸುರಂಗಗಳ ನಲುವತ್ತು ಫೋಟೊಗಳಿದ್ದವು, ಆದ್ದರಿಂದ ಅಳಿಸುವ ಮೊದಲಿನ ಗಾತ್ರ ಸುಮಾರು 18 ಎಂಬಿ ಇತ್ತೆಂದು ಅವರಿಗೆ ನೆನಪಿತ್ತು. `b` ಗುಂಪಿನಲ್ಲಿ 11 ಎಂಬಿಯ ಒಂದೇ ಒಂದು ಕಡತವಿತ್ತು.

```
zip -FF b0412288.docx --out sari.docx
```

ಈ ಆಜ್ಞೆ ಗಂಟನ್ನು ಮೊದಲಿಂದ ಓದಿ ಪೂರ್ತಿಯಾಗಿರುವ ತುಂಡುಗಳನ್ನು ಮಾತ್ರ ಹೊಸ ಕಡತಕ್ಕೆ ಸೇರಿಸುತ್ತದೆ. ಆಗಲೂ ವರ್ಡ್ ತಕರಾರು ಮಾಡಿತು, ಲಿಬ್ರೆಆಫೀಸ್ ತೆರೆಯಿತು. ಐದೂ ಅಧ್ಯಾಯ ಇದ್ದವು. ಕೊನೆಯ ಹದಿನೈದು ಫೋಟೊಗಳಿದ್ದ ಜಾಗದಲ್ಲಿ ಬರಿಯ ಚೌಕಗಳು, ಶೀರ್ಷಿಕೆಗಳ ವಿನ್ಯಾಸವೂ ಹೋಗಿತ್ತು. ಫೋಟೊಗಳು ಹೇಗೂ ಅವರ ಮೊಬೈಲಿನಲ್ಲಿದ್ದವು. ಹೋದ ಏಳು ಎಂಬಿಯ ಜಾಗದಲ್ಲಿ ಗೆಳತಿಯ ಸಾಫ್ಟ್‌ವೇರ್ ಕುಳಿತಿತ್ತೆಂದೇ ನನ್ನ ಊಹೆ.

ಇದರಿಂದ ಯಾವ ವರದಿಯೂ ಸಿಗುತ್ತದೆಂದು ತಿಳಿಯಬೇಡಿ. ಸಾಫ್ಟ್‌ವೇರ್ ಹನ್ನೊಂದು ಎಂಬಿ ಮುಂಚೆ ಕುಳಿತಿದ್ದರೆ ಫೋಟೊಗಳು ಉಳಿದು ಬರಹ ಹೋಗುತ್ತಿತ್ತು. ತುಂಬಿದ ಡ್ರೈವಿನಲ್ಲಿ ದೊಡ್ಡ ಕಡತ ಅಲ್ಲಲ್ಲಿ ಚದುರಿ ಕುಳಿತಿದ್ದರೆ ಫೋಟೊರೆಕ್‌ಗೆ ಸಿಗುವುದು ಹೆಚ್ಚಾಗಿ ಮೊದಲ ತುಂಡು ಮಾತ್ರ, ಏಕೆಂದರೆ ಮುಂದಿನ ತುಂಡು ಎಲ್ಲಿದೆ ಎಂಬ ಕೊಂಡಿಯನ್ನು ಅಳಿಸುವಾಗಲೇ ಸೊನ್ನೆ ಮಾಡಿರಲಾಗುತ್ತದೆ. ಲ್ಯಾಪ್‌ಟಾಪಿನ ಒಳಗಿನ ಎಸ್ಎಸ್‌ಡಿಯಿಂದ ಅಳಿಸಿ ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದ್ದರೆ ನನ್ನ ಬಳಿ ಬಂದು ಪ್ರಯೋಜನವಿಲ್ಲ. ಆ ಜಾಗ ಬೇಡವೆಂದು ವಿಂಡೋಸ್ ಡಿಸ್ಕಿಗೆ ಆಗಲೇ ತಿಳಿಸಿರುತ್ತದೆ, ಡಿಸ್ಕು ಅದನ್ನು ಸ್ವಚ್ಛ ಮಾಡಿಬಿಡುತ್ತದೆ. ಆಗ ಮಾರ್ಗದರ್ಶಕರಿಗೆ ಕಳಿಸಿದ ಇಮೇಲ್, ವಾಟ್ಸ್ಆ್ಯಪ್‌ನಲ್ಲಿ ಹಂಚಿದ ಪ್ರತಿ, ಪ್ರಿಂಟ್ ಅಂಗಡಿಯವರ ಡೌನ್‌ಲೋಡ್ ಫೋಲ್ಡರ್, ಇವನ್ನು ಈ ಕ್ರಮದಲ್ಲಿ ನೋಡಿ.

ಪ್ರಶ್ನೆ: ಪೆನ್ ಡ್ರೈವಿನಲ್ಲಿ `~$` ಎಂದು ಆರಂಭವಾಗುವ ನನ್ನ ವರದಿಯ ಹೆಸರಿನ ಕಡತ ಸಿಕ್ಕಿದೆ. ಅದನ್ನು ಸರಿಪಡಿಸಿದರೆ ವರದಿ ಬರುತ್ತದೆ ಎಂದು ವಿಡಿಯೊದಲ್ಲಿ ಹೇಳಿದ್ದಾರೆ.

ಉತ್ತರ: ಆ ಕಡತದಲ್ಲಿರುವುದು ವರದಿಯನ್ನು ತೆರೆದವರ ಹೆಸರು ಮಾತ್ರ, ಗಾತ್ರ ನೋಡಿ, ಒಂದು ಕೆಬಿಯೂ ಇರದು.

ಪ್ರಶ್ನೆ: ಪೇಟೆಯ ಅಂಗಡಿಯೊಂದರಲ್ಲಿ ಮೊದಲು ಫಾರ್ಮ್ಯಾಟ್ ಮಾಡಿದರೆ ರಿಕವರಿ ಸುಲಭ ಎನ್ನುತ್ತಾರೆ. ಮಾಡಿಸಬಹುದೇ?

ಉತ್ತರ: ಪೆನ್ ಡ್ರೈವನ್ನು ಅವರ ಕೈಯಿಂದ ತೆಗೆದುಕೊಂಡು ಮನೆಗೆ ಹೋಗಿ.

ಪ್ರಶ್ನೆ: ಸರ್, ಗೂಗಲ್ ಡ್ರೈವಿನಿಂದ ಅಳಿಸಿ ಇಪ್ಪತ್ತು ದಿನವಾಯಿತು. ಇದಕ್ಕೂ ಫೋಟೊರೆಕ್ ಬೇಕೇ?

ಉತ್ತರ: ಬೇಡ. ಅದರ ಅನುಪಯುಕ್ತದ ತೊಟ್ಟಿಯಲ್ಲಿ ಕಡತ 30 ದಿನ ಇರುತ್ತದೆ, ಇವತ್ತೇ ತೆಗೆದುಕೊಳ್ಳಿ.