ದಾವಣಗೆರೆಯಿಂದ ಗುಜರಾತಿಗೆ ಮೆಕ್ಕೆಜೋಳ ಹಡಗಲ್ಲಿ ಕಳ್ಸಿದ್ರೆ ಲಾರಿಗಿಂತ ಅಗ್ಗ ಆಗುತ್ತಾ? ನದಿ ದಾರಿ ಏನಾದ್ರೂ ಇದೆಯಾ?

ಸಮುದ್ರದ ಮೇಲಿನ ಬಾಡಿಗೆ ಅಗ್ಗನೇ, ಆದ್ರೆ ನಮ್ಮೂರ ಮಾಲಿಗೆ ಖರ್ಚು ಎರಡೂ ತುದೀಲಿ ಬೀಳುತ್ತೆ. ಘಾಟಿ ಇಳಿಸಿ ಪಣಂಬೂರು ಬಂದರಿಗೆ ಲಾರಿ, ಅಲ್ಲಿ ಇಳಿಸಿ ಕಂಟೇನರಿಗೆ ತುಂಬೋ ಹಮಾಲಿ, ಆ ಕಡೆ ಮತ್ತೆ ಇಳಿಸಿ ಇನ್ನೊಂದು ಲಾರಿ. ನೇರ ಲಾರಿ ಮೂರ್ನಾಲ್ಕು ದಿನ ತಗೊಂಡ್ರೆ ಇದು ಹಡಗು ಕಾಯೋದೂ ಸೇರಿ ಎರಡು ವಾರ ಹಿಡಿಯಬಹುದು, ಅಷ್ಟು ದಿನ ದುಡ್ಡು ಮಾಲಲ್ಲೇ ಸಿಕ್ಕಾಕೊಂಡಿರುತ್ತೆ. ತೇವಾಂಶ ಶೇ. 14ರ ಮೇಲಿದ್ರೆ ಕಂಟೇನರ್ ಒಳಗೆ ಬೆವರಿ ಮೇಲಿನ ಚೀಲ ಬೂಷ್ಟು ಹಿಡಿಯುತ್ತೆ, ಬಾಗಿಲು ತೆಗೆದಾಗ ಮುಗ್ಗಲು ವಾಸನೆ ಬಂದ್ರೆ ಮುಗೀತು. ದೊಡ್ಡ ಲಾಟ್ ಇದ್ದು, ಖರೀದಿದಾರ ಕಾಂಡ್ಲಾ ಮುಂದ್ರಾ ಹತ್ರನೇ ಇದ್ರೆ ನೋಡಿ, ಕೊಲ್ಹಾಪುರ ಪುಣೆಗಾದ್ರೆ ಲಾರೀನೇ.

ನದಿ ಬಿಡಿ. 2016ರ ರಾಷ್ಟ್ರೀಯ ಜಲಮಾರ್ಗ ಪಟ್ಟೀಲಿ ತುಂಗಭದ್ರಾ ಹೆಸರೇನೋ ಇದೆ, ಬಾರ್ಜಿಗೆ ವರ್ಷಪೂರ್ತಿ ಆಳದ ನೀರು ಬೇಕಲ್ಲ!